ಗ್ರಾಹಕರ ಮಾಹಿತಿ ಸೋರಿಕೆಯ ಕುರಿತು ಸೂಚನೆ

ಮಾನ್ಯರೇ,

2021ರ ಜನವರಿಯಿಂದ 2024ರ ಮಾರ್ಚ್‌ವರೆಗೆ ನಮ್ಮ ಮೈಸೂರು, ಮಂಡ್ಯ ಮತ್ತು ಹಾಸನದ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಮಾಹಿತಿಯು ಅಪರಿಚಿತರ ಕೈ ಸೇರಿದೆ. ಅದರಲ್ಲಿ ನಿಮ್ಮ ದಾಖಲೆಯೂ ಇರುವುದರಿಂದ ಈ ಪತ್ರವನ್ನು ಕಳುಹಿಸುತ್ತಿದ್ದೇವೆ.

ಹಳೆಯ ವರದಿಗಳ ಪ್ರತಿಗಳಿದ್ದ ಸರ್ವರನ್ನು ಬೇರೆಡೆಗೆ ವರ್ಗಾಯಿಸಿದಾಗ ಅದಕ್ಕೆ ಪಾಸ್‌ವರ್ಡ್ ರಕ್ಷಣೆ ಅಳವಡಿಸಿರಲಿಲ್ಲ. ಜೂನ್ 3ರಿಂದ 11ರವರೆಗೆ ಅದು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುವಂತಿತ್ತು; ಆ ಅವಧಿಯಲ್ಲಿ ಹೊರಗಿನವರು ಕಡತಗಳನ್ನು ಇಳಿಸಿಕೊಂಡಿರುವುದು ಸರ್ವರಿನ ದಾಖಲೆಗಳಿಂದ ಖಚಿತವಾಗಿದೆ. ವರ್ಗಾವಣೆಯನ್ನು ಗುತ್ತಿಗೆದಾರರು ಮಾಡಿದ್ದರೂ ನೀವು ಮಾಹಿತಿ ಕೊಟ್ಟದ್ದು ನಮಗೆ. ಆದ್ದರಿಂದ ಹೊಣೆ ನಮ್ಮದೇ, ಅದಕ್ಕಾಗಿ ಕ್ಷಮೆ ಯಾಚಿಸುತ್ತೇವೆ. ವಿಷಯ ತಿಳಿದ ದಿನವೇ ಸರ್ವರನ್ನು ಮುಚ್ಚಿ, ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಿ, ಸೈಬರ್ ಅಪರಾಧ ಠಾಣೆಯಲ್ಲಿ ದೂರು ದಾಖಲಿಸಿದ್ದೇವೆ.

ಸೋರಿಹೋದದ್ದು ನಿಮ್ಮ ಹೆಸರು, ವಯಸ್ಸು, ವಿಳಾಸ, ಮೊಬೈಲ್ ಸಂಖ್ಯೆ ಮತ್ತು ಪರೀಕ್ಷಾ ವರದಿ. ಹಿರಿಯ ನಾಗರಿಕರ ರಿಯಾಯಿತಿಗಾಗಿ ಆಧಾರ್ ಪ್ರತಿ ಕೊಟ್ಟಿದ್ದವರ ಆ ಪ್ರತಿಯೂ ಹೋಗಿದೆ. ಬ್ಯಾಂಕ್ ಖಾತೆ, ಕಾರ್ಡ್ ಮತ್ತು ಯುಪಿಐ ವಿವರಗಳು ಆ ಸರ್ವರಿನಲ್ಲಿ ಇರಲಿಲ್ಲ.

ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಕಾಯಿಲೆಯ ವಿವರವನ್ನು ಬದಲಾಯಿಸಲಾಗದು. ನಮ್ಮನ್ನು ಹೆಚ್ಚು ಕಾಡುತ್ತಿರುವುದು ಇದೇ. ನಿಮಗೆ ಸಕ್ಕರೆ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಇದೆಯೆಂದು ತಿಳಿದವರು ಆಸ್ಪತ್ರೆಯ ಅಥವಾ ವಿಮಾ ಕಂಪನಿಯ ಹೆಸರಿನಲ್ಲಿ ಕರೆ ಮಾಡಿ, ನಿಮ್ಮ ವರದಿಯ ಅಂಕಿಗಳನ್ನೇ ಓದಿ ಹೇಳಿ ನಂಬಿಸಿ, ಹಣವನ್ನೋ ಒಟಿಪಿಯನ್ನೋ ಕೇಳಬಹುದು. ವರದಿಯನ್ನು ಬಹಿರಂಗಪಡಿಸುವುದಾಗಿ ಬೆದರಿಸಲೂಬಹುದು. ಯಾರಾದರೂ ನಿಮ್ಮ ವರದಿಯನ್ನು ಸರಿಯಾಗಿ ಹೇಳಿದ ಮಾತ್ರಕ್ಕೆ ಅವರು ನಮ್ಮವರೆಂದು ದಯವಿಟ್ಟು ನಂಬಬೇಡಿ. ಈ ವಿಷಯವಾಗಿ ನಾವು ಕರೆ ಮಾಡುವುದಿಲ್ಲ, ಲಿಂಕ್ ಕಳುಹಿಸುವುದಿಲ್ಲ, ಹಣ ಕೇಳುವುದಿಲ್ಲ. ಮನೆಯಲ್ಲಿ ಹಿರಿಯರ ಹೆಸರಿನಲ್ಲಿ ಪರೀಕ್ಷೆ ಮಾಡಿಸಿದ್ದರೆ ಈ ಮಾತನ್ನು ಅವರಿಗೆ ಓದಿ ಹೇಳಿ.

ಆಧಾರ್ ಪ್ರತಿ ಕೊಟ್ಟಿದ್ದವರು myaadhaar.uidai.gov.in ತಾಣದಲ್ಲಿ ಅಥವಾ ಎಂ-ಆಧಾರ್ ಆ್ಯಪಿನಲ್ಲಿ ತಮ್ಮ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿಕೊಳ್ಳುವುದು ಒಳಿತು. ಲಾಕ್ ಇರುವವರೆಗೆ ಬೆರಳಚ್ಚಿನ ಮೂಲಕ ಆಧಾರ್ ದೃಢೀಕರಣ ನಡೆಯದು. ನಿಮ್ಮ ಹೆಸರಿನಲ್ಲಿ ಬೇರೆ ಸಿಮ್‌ಗಳು ಚಾಲ್ತಿಯಲ್ಲಿವೆಯೇ ಎಂಬುದನ್ನು sancharsaathi.gov.in ತಾಣದಲ್ಲಿ ನೋಡಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೆದರಿಕೆ ಬಂದರೆ ಹಣ ಕೊಡದೆ, ಸಂದೇಶಗಳನ್ನು ಅಳಿಸದೆ, cybercrime.gov.in ತಾಣದಲ್ಲಿ ದೂರು ಕೊಡಿ.

ನಿಮ್ಮ ಯಾವ ವರದಿಗಳು ಹೋಗಿವೆಯೆಂದು ತಿಳಿಯಲು ಹಳೆಯ ರಸೀದಿಯಲ್ಲಿ ಮುದ್ರಿತವಾಗಿರುವ ಸಂಖ್ಯೆಗೆ ಕರೆ ಮಾಡಬಹುದು, ಇಲ್ಲವೇ ಬೆಳಿಗ್ಗೆ 7ರಿಂದ ಸಂಜೆ 6ರೊಳಗೆ ಹತ್ತಿರದ ಶಾಖೆಗೆ ಬರಬಹುದು. ನಮ್ಮಲ್ಲಿರುವ ಹಳೆಯ ಆಧಾರ್ ಪ್ರತಿಗಳನ್ನೆಲ್ಲ ಅಳಿಸುತ್ತಿದ್ದೇವೆ. ಇನ್ನು ಮುಂದೆ ರಿಯಾಯಿತಿಗೆ ವಯಸ್ಸಿನ ಪುರಾವೆಯನ್ನು ನೋಡಿ ಹಿಂದಿರುಗಿಸಲಾಗುವುದು.

ಇಂತು,
ವ್ಯವಸ್ಥಾಪಕ ನಿರ್ದೇಶಕರು
ಪ್ರಧಾನ ಕಚೇರಿ, ಮೈಸೂರು