ಮನೆ ಕರೆಯ ಸಮಯಪಟ್ಟಿ: ಅಕ್ಟೋಬರ್ 2026ರಿಂದ ಏಪ್ರಿಲ್ 2027

ಪುತ್ತೂರಿನ ಮನೆಯ ಗಡಿಯಾರವೇ ಆಧಾರ. ಭಾರತದಲ್ಲೂ ದುಬೈಯಲ್ಲೂ ವರ್ಷವಿಡೀ ಸಮಯ ಬದಲಾಗುವುದಿಲ್ಲ. ಉಳಿದ ನಾಲ್ಕು ಊರುಗಳಲ್ಲಿ ಗಡಿಯಾರ ಹಿಂದೆ ಮುಂದೆ ಆಗುತ್ತದೆ, ಅದೂ ಬೇರೆ ಬೇರೆ ದಿನ. ಹಾಗಾಗಿ ಕರೆಯ ಹೊತ್ತನ್ನು ಊರಿನ ಸಮಯಕ್ಕೇ ಕಟ್ಟಿಹಾಕಿದೆ. ಅಜ್ಜಿಗೆ ಒಂದೇ ಹೊತ್ತು ನೆನಪಿದ್ದರೆ ಸಾಕು, ಲೆಕ್ಕ ಹಾಕುವ ಕೆಲಸ ಹೊರಗಿರುವ ನಮ್ಮದು.

ಎಲ್ಲರೂ ಒಟ್ಟಿಗೆ ಸೇರುವ ಒಂದೇ ಹೊತ್ತು ಇಲ್ಲ. ಲಂಡನ್ನಿನ ಅಣ್ಣ ಅತ್ತಿಗೆಗೆ ಹಗಲಿರುವಾಗ ಸನ್ನಿವೇಲಿನ ದೊಡ್ಡಣ್ಣನಿಗೆ ನಡುರಾತ್ರಿ ಕಳೆದಿರುತ್ತದೆ. ದೊಡ್ಡಣ್ಣನಿಗೆ ಸಂಜೆಯಾದರೆ ಲಂಡನ್ನಿನಲ್ಲಿ ಎರಡು, ಮೂರು ಗಂಟೆ ರಾತ್ರಿ. ಒಬ್ಬರನ್ನು ಪ್ರತಿ ಸಲ ನಿದ್ದೆಗೆಡಿಸುವುದಕ್ಕಿಂತ ತಿಂಗಳಿಗೆ ಎರಡು ಕರೆ ಮೇಲು.

ಸಂಜೆ ಕರೆ: ಮೂರನೇ ಭಾನುವಾರ, ಊರಿನಲ್ಲಿ ಸಂಜೆ 5:00ರಿಂದ 5:45

| ದಿನ | ಮೆಲ್ಬರ್ನ್ (ತಂಗಿ) | ದುಬೈ (ಚಿಕ್ಕಪ್ಪ) | ಲಂಡನ್ (ಅಣ್ಣ, ಅತ್ತಿಗೆ) | ಎಡಿಸನ್ (ಅಕ್ಕ, ಭಾವ) |
|---|---|---|---|---|
| ಅಕ್ಟೋಬರ್ 18 | ರಾತ್ರಿ 10:30 | ಮಧ್ಯಾಹ್ನ 3:30 | ಮಧ್ಯಾಹ್ನ 12:30 | ಬೆಳಿಗ್ಗೆ 7:30 |
| ನವೆಂಬರ್ 15, ಡಿಸೆಂಬರ್ 20, ಜನವರಿ 17, ಫೆಬ್ರವರಿ 21 | ರಾತ್ರಿ 10:30 | ಮಧ್ಯಾಹ್ನ 3:30 | ಬೆಳಿಗ್ಗೆ 11:30 | ಬೆಳಿಗ್ಗೆ 6:30 |
| ಮಾರ್ಚ್ 21 | ರಾತ್ರಿ 10:30 | ಮಧ್ಯಾಹ್ನ 3:30 | ಬೆಳಿಗ್ಗೆ 11:30 | ಬೆಳಿಗ್ಗೆ 7:30 |
| ಏಪ್ರಿಲ್ 18 | ರಾತ್ರಿ 9:30 | ಮಧ್ಯಾಹ್ನ 3:30 | ಮಧ್ಯಾಹ್ನ 12:30 | ಬೆಳಿಗ್ಗೆ 7:30 |

ಎಲ್ಲರಿಗೂ ಅದೇ ಭಾನುವಾರ. ಸನ್ನಿವೇಲಿನಲ್ಲಿ ಆಗ ನಸುಕಿನ 3:30 ಅಥವಾ 4:30, ದೊಡ್ಡಣ್ಣ ಏಳುವುದು ಬೇಡ.

ಚಳಿಗಾಲದಲ್ಲಿ ಅಕ್ಕ 6:30ಕ್ಕೆ ಏಳಬೇಕು, ತಂಗಿ 10:30ಕ್ಕೆ ಎಚ್ಚರ ಇರಬೇಕು. ಆಗ ಮೆಲ್ಬರ್ನ್ ಮತ್ತು ಎಡಿಸನ್ ನಡುವೆ 16 ಗಂಟೆ ಅಂತರ. ಕರೆಯನ್ನು ಹಿಂದೆ ತಂದರೆ ಅಕ್ಕನಿಗೆ ಕತ್ತಲು, ಮುಂದೆ ಹಾಕಿದರೆ ತಂಗಿಗೆ ಮಧ್ಯರಾತ್ರಿ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇರುವುದರಿಂದ ಮೊದಲ ಹತ್ತು ನಿಮಿಷ ತಂಗಿಯದ್ದು. ಮಾತು ಮುಗಿಸಿ ಅವಳು ಹೊರಟರೆ ಯಾರೂ ಬೇಸರ ಮಾಡಬಾರದು.

5:45ಕ್ಕೆ ಮುಗಿಸಲೇಬೇಕು. ಅಮ್ಮ ಹಟ್ಟಿಗೆ ಹೋಗಬೇಕು, ಅಜ್ಜಿ ದೇವರಿಗೆ ದೀಪ ಹಚ್ಚಬೇಕು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲಾಗಿಬಿಡುತ್ತದೆ.

ಬೆಳಗಿನ ಕರೆ: ಮೊದಲ ಭಾನುವಾರ, ಊರಿನಲ್ಲಿ ಬೆಳಿಗ್ಗೆ 8:00ರಿಂದ 8:45

| ಊರಿನ ದಿನ (ಭಾನುವಾರ) | ಮೆಲ್ಬರ್ನ್ | ದುಬೈ | ಎಡಿಸನ್ (ಹಿಂದಿನ ದಿನ, ಶನಿವಾರ) | ಸನ್ನಿವೇಲ್ (ಹಿಂದಿನ ದಿನ, ಶನಿವಾರ) |
|---|---|---|---|---|
| ಅಕ್ಟೋಬರ್ 4 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ಅ. 3, ರಾತ್ರಿ 10:30 | ಅ. 3, ಸಂಜೆ 7:30 |
| ನವೆಂಬರ್ 8 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ನ. 7, ರಾತ್ರಿ 9:30 | ನ. 7, ಸಂಜೆ 6:30 |
| ಡಿಸೆಂಬರ್ 6 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ಡಿ. 5, ರಾತ್ರಿ 9:30 | ಡಿ. 5, ಸಂಜೆ 6:30 |
| ಜನವರಿ 3 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ಜ. 2, ರಾತ್ರಿ 9:30 | ಜ. 2, ಸಂಜೆ 6:30 |
| ಫೆಬ್ರವರಿ 7 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ಫೆ. 6, ರಾತ್ರಿ 9:30 | ಫೆ. 6, ಸಂಜೆ 6:30 |
| ಮಾರ್ಚ್ 7 | ಮಧ್ಯಾಹ್ನ 1:30 | ಬೆಳಿಗ್ಗೆ 6:30 | ಮಾ. 6, ರಾತ್ರಿ 9:30 | ಮಾ. 6, ಸಂಜೆ 6:30 |
| ಏಪ್ರಿಲ್ 4 | ಮಧ್ಯಾಹ್ನ 12:30 | ಬೆಳಿಗ್ಗೆ 6:30 | ಏ. 3, ರಾತ್ರಿ 10:30 | ಏ. 3, ಸಂಜೆ 7:30 |

ಲಂಡನ್ನಿನವರಿಗೆ ಈ ಕರೆ ಇಲ್ಲ. ಚಿಕ್ಕಪ್ಪನಿಗೆ ಭಾನುವಾರ ರಜೆಯಾದರೂ 6:30 ಬೇಗವೇ, ಆಗದಿದ್ದರೆ ಸಂಜೆ ಕರೆಗೆ ಬಂದರೆ ಸಾಕು.

ನವೆಂಬರಿನದ್ದನ್ನು ಮಾತ್ರ 1ರಿಂದ 8ಕ್ಕೆ ಸರಿಸಿದೆ. ನವೆಂಬರ್ 1ರ ಬೆಳಿಗ್ಗೆ ಎಂದರೆ ಅಮೆರಿಕದಲ್ಲಿ ಅಕ್ಟೋಬರ್ 31ರ ರಾತ್ರಿ, ಹ್ಯಾಲೊವೀನ್. ಮಕ್ಕಳು ಚಾಕೊಲೇಟ್ ಬುಟ್ಟಿ ಹಿಡಿದು ಬೀದಿಯಲ್ಲಿರುತ್ತಾರೆ. 8ಕ್ಕೆ ದೀಪಾವಳಿ. ಎಣ್ಣೆಸ್ನಾನ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತಿರುವ ಹೊತ್ತಿಗೆ ಮೊಮ್ಮಕ್ಕಳ ಮುಖ ಕಂಡರೆ ಅಜ್ಜಿಗೆ ಅದೇ ಹಬ್ಬ.

ತಪ್ಪು ಹೆಚ್ಚು ಆಗುವುದು ದಿನಾಂಕದಲ್ಲಿ. ಅಕ್ಕನೂ ದೊಡ್ಡಣ್ಣನೂ ಬೆಳಗಿನ ಕರೆಯನ್ನು ಶನಿವಾರ ಎಂದೇ ಬರೆದುಕೊಳ್ಳಿ. «ಭಾನುವಾರ 9:30» ಎಂದು ಬರೆದಿಟ್ಟರೆ ಒಂದು ದಿನ ತಡವಾಗಿ ಬರುತ್ತೀರಿ, ಆಗ ಊರಿನಲ್ಲಿ ಸೋಮವಾರ.

ಗಡಿಯಾರ ಬದಲಾಗುವ ದಿನಗಳು

| ದಿನ | ಎಲ್ಲಿ | ಏನು | ಊರಿಗಿಂತ ಎಷ್ಟು |
|---|---|---|---|
| ಅಕ್ಟೋಬರ್ 4 | ಮೆಲ್ಬರ್ನ್ | 1 ಗಂಟೆ ಮುಂದೆ | 5:30 ಮುಂದೆ |
| ಅಕ್ಟೋಬರ್ 25 | ಲಂಡನ್ | 1 ಗಂಟೆ ಹಿಂದೆ | 5:30 ಹಿಂದೆ |
| ನವೆಂಬರ್ 1 | ಎಡಿಸನ್ / ಸನ್ನಿವೇಲ್ | 1 ಗಂಟೆ ಹಿಂದೆ | 10:30 / 13:30 ಹಿಂದೆ |
| ಮಾರ್ಚ್ 14 | ಎಡಿಸನ್ / ಸನ್ನಿವೇಲ್ | 1 ಗಂಟೆ ಮುಂದೆ | 9:30 / 12:30 ಹಿಂದೆ |
| ಮಾರ್ಚ್ 28 | ಲಂಡನ್ | 1 ಗಂಟೆ ಮುಂದೆ | 4:30 ಹಿಂದೆ |
| ಏಪ್ರಿಲ್ 4 | ಮೆಲ್ಬರ್ನ್ | 1 ಗಂಟೆ ಹಿಂದೆ | 4:30 ಮುಂದೆ |

ಆಸ್ಟ್ರೇಲಿಯ ಬದಲಾಗುವುದು ಮೊದಲ ಭಾನುವಾರ, ಅಮೆರಿಕ ಮಾರ್ಚಿನ ಎರಡನೆಯದು ಮತ್ತು ನವೆಂಬರಿನ ಮೊದಲನೆಯದು, ಬ್ರಿಟನ್ ಕೊನೆಯದು. ಮೂರನೇ ಭಾನುವಾರ ಯಾರೂ ಗಡಿಯಾರ ಮುಟ್ಟುವುದಿಲ್ಲ. ದೊಡ್ಡ ಕರೆಯನ್ನು ಆ ದಿನಕ್ಕೆ ಇಟ್ಟದ್ದು ಅದಕ್ಕೇ. ಬೆಳಗಿನ ಕರೆಯಲ್ಲಿ ಅಕ್ಟೋಬರ್ 4 ಮತ್ತು ಏಪ್ರಿಲ್ 4ರಂದು ತಂಗಿ ಮಾತ್ರ ಎಚ್ಚರ ವಹಿಸಬೇಕು. ಮೊಬೈಲ್ ತಾನೇ ಬದಲಾಗಿರುತ್ತದೆ, ಗೋಡೆ ಗಡಿಯಾರ ಮತ್ತು ಓವನ್ನಿನದ್ದು ಆಗಿರುವುದಿಲ್ಲ.

ಮಾರ್ಚ್ 14ರಿಂದ 27ರವರೆಗೆ ಅಮೆರಿಕ ಬದಲಾಗಿರುತ್ತದೆ, ಲಂಡನ್ ಆಗಿರುವುದಿಲ್ಲ. ಮಾರ್ಚ್ 21ರ ಸಾಲು ಬೇರೆಯಾಗಿರುವುದು ಹಾಗಾಗಿ. «ಅಕ್ಕನಿಗಿಂತ ನಾವು ಐದು ಗಂಟೆ ಮುಂದೆ» ಎಂಬ ಅಣ್ಣನ ಲೆಕ್ಕ ಆ ಎರಡು ವಾರ ನಡೆಯುವುದಿಲ್ಲ, ನಾಲ್ಕೇ ಗಂಟೆ.

ಪಟ್ಟಿ ಕೈಯಲ್ಲಿಲ್ಲದಾಗ

ಲಂಡನ್ನಿಗೆ ಮುಳ್ಳಿನ ಕೈಗಡಿಯಾರ ಬಿಚ್ಚಿ ತಲೆಕೆಳಗು ಹಿಡಿಯಿರಿ. ಊರಿನಲ್ಲಿ 5:00 ಇದ್ದರೆ ಗಂಟೆ ಮುಳ್ಳು 11ರ ಪಕ್ಕ, ನಿಮಿಷದ ಮುಳ್ಳು 6ರಲ್ಲಿ ಕಾಣುತ್ತದೆ: 11:30. ಚಳಿಗಾಲದಲ್ಲಿ ಅದೇ ಲಂಡನ್ ಸಮಯ, ಬೇಸಿಗೆಯಲ್ಲಿ ಒಂದು ಗಂಟೆ ಸೇರಿಸಿ. ಎಡಿಸನ್ನಿಗೆ ಚಳಿಗಾಲದಲ್ಲಿ ಒಂದೂವರೆ ಗಂಟೆ ಕೂಡಿಸಿ ಹಗಲು ರಾತ್ರಿ ಅದಲುಬದಲು ಮಾಡಿ, ಬೇಸಿಗೆಯಲ್ಲಿ ಎರಡೂವರೆ ಕೂಡಿಸಿ. ಸನ್ನಿವೇಲಿಗೆ ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆದು ಅದಲುಬದಲು, ಬೇಸಿಗೆಯಲ್ಲಿ ಅರ್ಧ ಗಂಟೆ ಮಾತ್ರ ಕಳೆಯಿರಿ. ಅಪ್ಪನಿಗೆ ಇದು ಬೇಗ ರೂಢಿಯಾಗುತ್ತದೆ.

ಕರೆ ಕೂಡಿಸುವುದು

ಗೂಗಲ್ ಮೀಟ್ ಬಳಸುವುದು, ವಾಟ್ಸಾಪ್ ಬೇಡ. ದುಬೈಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧ ಇರುವುದರಿಂದ ಚಿಕ್ಕಪ್ಪ ಹೊರಗುಳಿಯುತ್ತಾರೆ. ಉಚಿತ ಖಾತೆಯಲ್ಲಿ ಮೂರು ಮಂದಿ ಮೇಲ್ಪಟ್ಟ ಕರೆ 60 ನಿಮಿಷಕ್ಕೆ ನಿಲ್ಲುತ್ತದೆ, ನಮ್ಮದು 45ರಲ್ಲಿ ಮುಗಿಯುತ್ತದೆ.

ಕ್ಯಾಲೆಂಡರಿನಲ್ಲಿ ಹಾಕುವಾಗ ಸಮಯವಲಯ `Asia/Kolkata` ಎಂದೇ ಆರಿಸಬೇಕು. ಅಣ್ಣ ತನ್ನ ಫೋನಿನಿಂದ ಲಂಡನ್ ಸಮಯದಲ್ಲಿ ಹಾಕಿದರೆ ಅಕ್ಟೋಬರ್ 25ರ ನಂತರ ಕರೆ ಊರಿನಲ್ಲಿ 6:00ಕ್ಕೆ ಸರಿಯುತ್ತದೆ, ದೀಪ ಹಚ್ಚುವ ಹೊತ್ತಿಗೇ.

ಅಕ್ಟೋಬರ್, ನವೆಂಬರಿನಲ್ಲಿ ಊರಿನಲ್ಲಿ ಸಂಜೆ ಗುಡುಗು ಮಿಂಚು ಸಾಮಾನ್ಯ. ಮೋಡ ಕಟ್ಟಿದರೆ ಅಪ್ಪ ರೌಟರಿನ ಪ್ಲಗ್ ತೆಗೆದುಬಿಡಲಿ, ಮೊಬೈಲ್ ಡೇಟಾದಲ್ಲಿ ಸೇರಿದರೆ ಆಯಿತು. ವಿಡಿಯೊ ತುಂಡಾದರೆ ಅಜ್ಜಿಯದ್ದು ಬಿಟ್ಟು ಉಳಿದವರು ಕ್ಯಾಮೆರಾ ಆರಿಸಿ. ಹತ್ತು ನಿಮಿಷದೊಳಗೆ ಊರು ಸೇರದಿದ್ದರೆ ಆ ಕರೆ ಮುಂದಿನ ಭಾನುವಾರ ಅದೇ ಹೊತ್ತಿಗೆ. ಅದು ಅಕ್ಟೋಬರ್ 25 ಆದರೆ ಲಂಡನ್ನಿಗೆ 11:30, ಮಾರ್ಚ್ 28 ಆದರೆ 12:30.

ಏಪ್ರಿಲ್ 4ರ ನಂತರ 2027ರ ಅಕ್ಟೋಬರ್ 3ರ ತನಕ ಎಲ್ಲೂ ಗಡಿಯಾರ ಬದಲಾಗುವುದಿಲ್ಲ. ಸೆಪ್ಟೆಂಬರ್ ಮುಗಿಯುವವರೆಗೂ ಎರಡೂ ಪಟ್ಟಿಯ ಕೊನೆಯ ಸಾಲಿನ ಹೊತ್ತೇ ನಡೆಯುತ್ತದೆ.