ಪ್ರಾಥಮಿಕ ಆಘಾತ ತಪಾಸಣೆ: ಪುನರುಜ್ಜೀವನ ಕೊಠಡಿಯ ದಾಖಲೆ

ರೋಗಿಯು ಸುಮಾರು 35 ವರ್ಷದ ಪುರುಷ. ಗುರುತು ಇನ್ನೂ ಖಚಿತವಾಗಿಲ್ಲ. ರಾತ್ರಿ 9:05ರ ಸುಮಾರಿಗೆ ಬೈಕ್‌ನಲ್ಲಿ ಹೋಗುತ್ತಿದ್ದಾಗ ಎಡಬದಿಯಿಂದ ಕಾರು ಡಿಕ್ಕಿ ಹೊಡೆದಿದೆ ಎಂದು ಆಂಬುಲೆನ್ಸ್ ಸಿಬ್ಬಂದಿ ತಿಳಿಸಿದ್ದಾರೆ. ಕೊಠಡಿಗೆ ಬಂದದ್ದು 9:42ಕ್ಕೆ. ಗೋಡೆಯ ಬಿಳಿ ಹಲಗೆ, ಗ್ಲೌಸ್ ಪೆಟ್ಟಿಗೆಯ ರಟ್ಟು, ಶುಶ್ರೂಷಕಿಯ ಔಷಧ ಪಟ್ಟಿ ಮತ್ತು ಮಾನಿಟರ್‌ನ ಮುದ್ರಿತ ಪಟ್ಟಿ, ಈ ನಾಲ್ಕರಲ್ಲಿ ಚದುರಿದ್ದ ಟಿಪ್ಪಣಿಗಳನ್ನು ಇಲ್ಲಿ ಎಬಿಸಿಡಿಇ ಕ್ರಮದಲ್ಲಿ ಜೋಡಿಸಿದ್ದೇನೆ. ವೇಳೆ ಹೊಂದದ ಕಡೆ ಮಾನಿಟರ್‌ನ ವೇಳೆಯನ್ನೇ ಹಿಡಿದಿದ್ದೇನೆ. ಯಾರೂ ಬರೆಯದಿದ್ದದ್ದನ್ನು ಸಹಜ ಎಂದು ತುಂಬಿಸಿಲ್ಲ. ಬಂದಾಗ ಹೊರಗೆ ಚಿಮ್ಮುವ ರಕ್ತಸ್ರಾವ ಕಂಡಿಲ್ಲ.

ಎ. ಶ್ವಾಸಮಾರ್ಗ

ರೋಗಿ ಗೊಂದಲದಿಂದಲಾದರೂ ಸ್ಪಷ್ಟ ಧ್ವನಿಯಲ್ಲಿ ಮಾತನಾಡುತ್ತಿದ್ದರು. ಬಾಯಲ್ಲಿದ್ದ ಅಲ್ಪ ರಕ್ತವನ್ನು ಸಕ್ಷನ್‌ನಿಂದ ತೆಗೆಯಲಾಯಿತು. ಕರ್ಕಶ ಉಸಿರಿನ ಸದ್ದಿರಲಿಲ್ಲ. ಕುತ್ತಿಗೆಗೆ ಕಾಲರ್ ಹಾಕಿ, ರಿಸರ್ವಾಯರ್ ಮಾಸ್ಕ್‌ನಿಂದ ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಕೊಡಲಾಗಿದೆ. ಇಂಟ್ಯುಬೇಷನ್ ಮಾಡಿಲ್ಲ.

ಬಿ. ಉಸಿರಾಟ

ಉಸಿರಾಟದ ದರ ನಿಮಿಷಕ್ಕೆ 34; ಆಮ್ಲಜನಕ ಕೊಡುತ್ತಿದ್ದರೂ ಸಂತೃಪ್ತಿ ಶೇ. 88 ಮಾತ್ರ. ಎಡ ಎದೆಯ ಚಲನೆ ಕುಗ್ಗಿತ್ತು, ಅಲ್ಲಿ ಉಸಿರಿನ ಸದ್ದು ಕೇಳಿಸಲಿಲ್ಲ, ಬಡಿದಾಗ ಅತಿಯಾಗಿ ಮೊಳಗುತ್ತಿತ್ತು. ರಟ್ಟಿನ ಮೇಲೆ ಒಂದು ಕಡೆ ‘ಬಲ’ ಎಂದಿದೆ; ಉಳಿದ ಟಿಪ್ಪಣಿಗಳೂ, ಕೈಗೊಂಡ ಚಿಕಿತ್ಸೆಯೂ, ನಂತರದ ಎಕ್ಸ್‌ರೇಯೂ ಎಡಬದಿಯನ್ನೇ ಹೇಳುವುದರಿಂದ ಅದನ್ನು ಬರವಣಿಗೆಯ ತಪ್ಪೆಂದು ಪರಿಗಣಿಸಿದ್ದೇನೆ. ಶ್ವಾಸನಾಳ ನಡುವಿನಲ್ಲೇ ಇತ್ತು, ಕುತ್ತಿಗೆಯ ರಕ್ತನಾಳಗಳು ಉಬ್ಬಿರಲಿಲ್ಲ. ಆದರೆ ಶ್ವಾಸನಾಳ ಪಕ್ಕಕ್ಕೆ ಸರಿಯುವುದು ತಡವಾಗಿ ಕಾಣುವ ಲಕ್ಷಣವಾದ್ದರಿಂದಲೂ, ರಕ್ತ ಕಳೆದುಕೊಂಡವರಲ್ಲಿ ಆ ರಕ್ತನಾಳಗಳು ಉಬ್ಬದೆಯೂ ಇರಬಹುದಾದ್ದರಿಂದಲೂ, ಇವೆರಡನ್ನು ನಂಬಿ ಕಾಯದೆ, ಎಕ್ಸ್‌ರೇಗೂ ಮೊದಲೇ ಎಡಬದಿಯ ಟೆನ್ಷನ್ ನ್ಯೂಮೊಥೊರಾಕ್ಸ್ ಎಂದು ನಿರ್ಧರಿಸಲಾಯಿತು.

9:46ಕ್ಕೆ ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕಂಕುಳಿನ ನಡುಗೆರೆಯ ತುಸು ಮುಂದೆ, ಬೆರಳಿನಿಂದ ಎದೆಗೂಡು ತೆರೆದಾಗ ಗಾಳಿ ಸದ್ದು ಮಾಡುತ್ತ ಹೊರಬಂತು. 9:52ಕ್ಕೆ 28 ಫ್ರೆಂಚ್ ಅಳತೆಯ ಎದೆನಳಿಕೆ ಹಾಕಲಾಯಿತು. ಈವರೆಗೆ 250 ಮಿ.ಲೀ. ರಕ್ತ ಬಂದಿದೆ. ಸಂತೃಪ್ತಿ ಶೇ. 95ಕ್ಕೆ ಏರಿ, ಉಸಿರಾಟದ ದರ 26ಕ್ಕೆ ಇಳಿದಿದೆ. 9:58ರ ಎಕ್ಸ್‌ರೇಯಲ್ಲಿ ಎಡಗಡೆಯ 4ರಿಂದ 7ನೇ ಪಕ್ಕೆಲುಬುಗಳು ಮುರಿದಿವೆ, ಶ್ವಾಸಕೋಶ ಹಿಗ್ಗಿದೆ, ನಳಿಕೆ ಸರಿಯಾದ ಜಾಗದಲ್ಲಿದೆ.

ಸಿ. ರಕ್ತಪರಿಚಲನೆ

ಬಂದಾಗ ನಾಡಿ 132, ರಕ್ತದೊತ್ತಡ 82/50, ಚರ್ಮ ತಣ್ಣಗೆ, ಕ್ಯಾಪಿಲರಿ ಮರುತುಂಬುವಿಕೆಗೆ 4 ಸೆಕೆಂಡ್. ಎದೆಯ ಒತ್ತಡ ಬಿಡಿಸಿದ ಮೇಲೆ ರಕ್ತದೊತ್ತಡ 94/60ಕ್ಕೆ, ನಾಡಿ 124ಕ್ಕೆ ಬಂದರೂ ಅಲ್ಲೇ ನಿಂತಿತು. ಎದೆಯ ಗಾಯವೊಂದರಿಂದಲೇ ರಕ್ತದೊತ್ತಡ ಹೀಗೆ ಕುಸಿದಿಲ್ಲ ಎಂಬುದಕ್ಕೆ ಇದೇ ಮುಖ್ಯ ಸುಳಿವು. 9:54ರ ಇ-ಫಾಸ್ಟ್ ಸ್ಕ್ಯಾನ್‌ನಲ್ಲಿ ಗುಲ್ಮ ಮತ್ತು ಎಡ ಮೂತ್ರಪಿಂಡದ ನಡುವೆ ದ್ರವ ಕಂಡಿತು; ಹೃದಯದ ಸುತ್ತ ದ್ರವವಿರಲಿಲ್ಲ. ಶ್ರೋಣಿಗೆ ಬೈಂಡರ್ ಬಿಗಿಯಲಾಗಿದೆ. ಅದರ ಎಕ್ಸ್‌ರೇಯಲ್ಲಿ ಮುರಿತವಿಲ್ಲ.

ಎರಡೂ ತೋಳುಗಳಲ್ಲಿ 16 ಗೇಜ್ ಕ್ಯಾನುಲಾ ಹಾಕಿ, ರಕ್ತ ಕೊಡುವ ಮೊದಲೇ ಗುಂಪು ಮತ್ತು ಕ್ರಾಸ್‌ಮ್ಯಾಚ್‌ಗೆ ಮಾದರಿ ಕಳುಹಿಸಲಾಗಿದೆ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 9:50ಕ್ಕೆ, ಅಂದರೆ ಗಾಯವಾಗಿ ಒಂದು ಗಂಟೆಯೊಳಗೆ ಆರಂಭವಾಗಿ ಹತ್ತು ನಿಮಿಷದಲ್ಲಿ ಮುಗಿದಿದೆ. ಮುಂದಿನ 1 ಗ್ರಾಂ 8 ಗಂಟೆಗಳ ಅವಧಿಗೆ ಹರಿಯುತ್ತಿದೆ. ಬೃಹತ್ ರಕ್ತಪೂರಣ ವ್ಯವಸ್ಥೆಯನ್ನು ಜಾರಿಗೊಳಿಸಿ, ಈವರೆಗೆ ಕೆಂಪುಕಣ ಮತ್ತು ಪ್ಲಾಸ್ಮಾ ತಲಾ 2 ಯೂನಿಟ್ ಹಾಗೂ ಕ್ಯಾಲ್ಸಿಯಂ ಕೊಡಲಾಗಿದೆ; ಲವಣದ್ರಾವಣ ಒಟ್ಟು 500 ಮಿ.ಲೀ. ದಾಟಿಲ್ಲ. ಲ್ಯಾಕ್ಟೇಟ್ 5.1. ಹಿಮೋಗ್ಲೋಬಿನ್ 10.8 ಇದೆ, ಆದರೆ ಇಷ್ಟು ಬೇಗ ತೆಗೆದ ಈ ಅಂಕಿಯಿಂದ ರಕ್ತನಷ್ಟವನ್ನು ಅಳೆಯಬಾರದು.

ಡಿ. ನರಸ್ಥಿತಿ

9:49ಕ್ಕೆ ಜಿಸಿಎಸ್ 13: ಕಣ್ಣು 3, ಮಾತು 4, ಚಲನೆ 6. ಪಾಪೆಗಳೆರಡೂ 3 ಮಿ.ಮೀ., ಬೆಳಕಿಗೆ ಸ್ಪಂದಿಸುತ್ತವೆ, ನಾಲ್ಕೂ ಕೈಕಾಲು ಆಡುತ್ತವೆ, ಗ್ಲೂಕೋಸ್ 128. ಹಲಗೆಯಲ್ಲಿ ವೇಳೆಯಿಲ್ಲದೆ ‘14’ ಎಂದಿದ್ದುದನ್ನು ಬರೆದ ವೈದ್ಯರನ್ನೇ ಕೇಳಲಾಗಿ, ಅದು 10:05ರ ಮರುತಪಾಸಣೆಯದು, ಆಗ ಕಣ್ಣು 4 ಆಗಿತ್ತು ಎಂದರು. ತಲೆಗೆ ಪೆಟ್ಟಾಗಿರುವ ಸಂಶಯವಿರುವುದರಿಂದ ರಕ್ತದೊತ್ತಡವನ್ನು ಉದ್ದೇಶಪೂರ್ವಕವಾಗಿ ಕಡಿಮೆ ಇಡದೆ, ಸಿಸ್ಟೋಲಿಕ್ 110ರ ಗುರಿ ಇಟ್ಟುಕೊಳ್ಳಲಾಗಿದೆ.

ಇ. ದೇಹಪರೀಕ್ಷೆ ಮತ್ತು ಉಷ್ಣರಕ್ಷಣೆ

ಬಟ್ಟೆಗಳನ್ನು ಕತ್ತರಿಸಿ, 10:06ಕ್ಕೆ ದೇಹವನ್ನು ಒಟ್ಟಾಗಿ ಹೊರಳಿಸಿ ನೋಡಲಾಯಿತು. ಎಡ ಪಕ್ಕೆಯಲ್ಲಿ ಕಂದಿದ ಗಾಯವಿದೆ, ಬೆನ್ನಿನಲ್ಲಿ ತರಚುಗಳಷ್ಟೇ. ಬಲ ಮುಂಗೈ ವಕ್ರವಾಗಿದೆ. ಮಣಿಕಟ್ಟಿನ ನಾಡಿ ಸಿಗುತ್ತಿದ್ದು, ಸ್ಪ್ಲಿಂಟ್ ಕಟ್ಟಲಾಗಿದೆ. ತಾಪಮಾನ 35.1 ಡಿಗ್ರಿ ಸೆಲ್ಸಿಯಸ್. ಬೆಚ್ಚನೆಯ ಹೊದಿಕೆ ಹಾಕಿ, ರಕ್ತವನ್ನು ಬೆಚ್ಚಗೆ ಮಾಡಿಯೇ ಕೊಡಲಾಗುತ್ತಿದೆ.

ಅಲರ್ಜಿ, ನಿತ್ಯದ ಔಷಧ, ಕೊನೆಯ ಊಟ ಮತ್ತು ಧನುರ್ವಾಯು ಲಸಿಕೆಯ ಬಗ್ಗೆ ಯಾವ ಟಿಪ್ಪಣಿಯೂ ಇಲ್ಲ.

10:12ರ ಮರುತಪಾಸಣೆಯಲ್ಲಿ ಶ್ವಾಸಮಾರ್ಗ ತೆರೆದಿದೆ, ಸಂತೃಪ್ತಿ ಶೇ. 96, ನಾಡಿ 108, ರಕ್ತದೊತ್ತಡ 112/68. ಶಸ್ತ್ರಚಿಕಿತ್ಸಕರು 10:15ಕ್ಕೆ ನೋಡಿ, ರಕ್ತಪೂರಣ ಮುಂದುವರಿಸುತ್ತ ತಲೆಯಿಂದ ಶ್ರೋಣಿಯವರೆಗೆ ಸಿಟಿ ಮಾಡಿಸಲು ಹೇಳಿದ್ದಾರೆ. ಸಿಸ್ಟೋಲಿಕ್ ಒತ್ತಡ ಮತ್ತೆ 90ಕ್ಕಿಂತ ಕೆಳಗಿಳಿದರೆ ಸಿಟಿ ಬಿಟ್ಟು ನೇರವಾಗಿ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯಬೇಕು.