ಎರಡು ತಲೆಮಾರು: ರಸಪ್ರಶ್ನೆ ಸರಣಿಯ ಕೈಪಿಡಿ

ದಾವಣಗೆರೆಯಲ್ಲಿ ಚಿತ್ರೀಕರಣ, ಯೂಟ್ಯೂಬಿನಲ್ಲಿ ಪ್ರಸಾರ. ಒಟ್ಟು 8 ಕಂತು, ಕಂತಿಗೆ 24 ನಿಮಿಷ. ನಿರೂಪಕರು, ಪ್ರಶ್ನೆ ಬರೆಯುವವರು, ಅಂಕ ಬರೆಯುವವರು, ಕ್ಯಾಮೆರಾದವರು ಎಲ್ಲರೂ ಚಿತ್ರೀಕರಣದ ಹಿಂದಿನ ದಿನ ಇದನ್ನು ಪೂರ್ತಿ ಓದಿರಬೇಕು.

ಆಟದ ತಿರುಳು

ಮೂರು ಮನೆಗಳಿಂದ ಮೂರು ಜೋಡಿ. ಜೋಡಿಯಲ್ಲಿ ಒಬ್ಬರಿಗೆ 55 ದಾಟಿರಬೇಕು, ಇನ್ನೊಬ್ಬರಿಗೆ 25 ದಾಟಿರಬಾರದು. ಅಜ್ಜಿ-ಮೊಮ್ಮಗ, ದೊಡ್ಡಪ್ಪ-ತಮ್ಮನ ಮಗಳು, ಅತ್ತೆ-ಸೊಸೆ, ಯಾರಾದರೂ ಸರಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ ಅನ್ನುವುದರ ಮೇಲೆಯೇ ಆಟ ನಿಂತಿದೆ. ಹಾಗಾಗಿ ಒಬ್ಬರೇ ಎಲ್ಲ ಉತ್ತರ ಹೇಳುವಂಥ ಪ್ರಶ್ನೆ ಬರೆಯಬೇಡಿ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ವರ್ಷಗಟ್ಟಲೆ ಒಬ್ಬೊಬ್ಬರ ಓದನ್ನು ಪರೀಕ್ಷಿಸಿ, ಪುಸ್ತಕವನ್ನೇ ಬಹುಮಾನವಾಗಿ ಕೊಟ್ಟು ಜನರ ಮನಸ್ಸಿನಲ್ಲಿ ಉಳಿದಿದೆ. ಅದೇ ದಾರಿಯಲ್ಲಿ ಹೋದರೆ ನಮ್ಮದು ಅದರ ನೆರಳಾಗುತ್ತದೆ. ನಾವು ನೋಡಬೇಕಾದದ್ದು ಇಬ್ಬರ ನಡುವಿನ ಮಾತುಕತೆ.

ಸಮಯದ ಲೆಕ್ಕ: ಮುನ್ನೋಟ 20 ಸೆಕೆಂಡು, ಪರಿಚಯ ಒಂದೂವರೆ ನಿಮಿಷ, ಮೊದಲೆರಡು ಸುತ್ತು ಐದೈದು ನಿಮಿಷ, ಕೊನೆಯೆರಡು ಸುತ್ತು ಐದೂವರೆ ಐದೂವರೆ, ಫಲಿತಾಂಶ 1 ನಿಮಿಷ 10 ಸೆಕೆಂಡು.

ನಿರೂಪಕರ ಆರಂಭದ ಮಾತು

“ಎಲ್ರಿಗೂ ನಮಸ್ಕಾರ. ಎರಡು ತಲೆಮಾರಿಗೆ ಬರ್ರಿ. ಇವತ್ತು ಮೂರು ಮನೆಯವ್ರು ಬಂದಾರೆ. ಅಜ್ಜಿಗೆ ಗೊತ್ತಿರೋದು ಮೊಮ್ಮಗನಿಗೆ ಹೇಳ್ಬೇಕು, ಮೊಮ್ಮಗನಿಗೆ ಗೊತ್ತಿರೋದು ಅಜ್ಜಿಗೆ ತಿಳೀಬೇಕು. ನೀವೂ ಮನೇಲಿ ಒಬ್ಬ ದೊಡ್ಡವ್ರನ್ನ, ಒಬ್ಬ ಸಣ್ಣವ್ರನ್ನ ಪಕ್ಕದಾಗೆ ಕೂರಿಸ್ಕೊಂಡು ನೋಡ್ರಿ. ಕೆಂಪು ಜೋಡಿಯಿಂದ ಶುರು ಮಾಡೋಣ. ಅಜ್ಜಿ, ಊರು ಯಾವುದು ನಿಮ್ದು?”

ಹಿರಿಯರಿಗೆ ಕಡೆಯವರೆಗೂ ಬಹುವಚನ. ಅವರ ಸರದಿ ಬಂದಾಗ ನಿರೂಪಕರು ನಿಂತೇ ಮಾತಾಡಿದರೆ ಕ್ಯಾಮೆರಾದಲ್ಲಿ ಹಿರಿಯರು ಕುಗ್ಗಿ ಕಾಣುತ್ತಾರೆ, ಪಕ್ಕದ ಸ್ಟೂಲಿನಲ್ಲಿ ಕೂತು ಮಾತಾಡಿ.

ಮೊದಲ ಸುತ್ತು: ಹೇಳದೆ ಹೇಳು

ಜೋಡಿಗೆ 60 ಸೆಕೆಂಡು. ಮೊದಲ 30 ಸೆಕೆಂಡು ಕಿರಿಯರ ಕೈಗೆ ಹಳೆಯ ವಸ್ತುವಿನ ಚೀಟಿ, ಆಮೇಲಿನ 30 ಸೆಕೆಂಡು ಹಿರಿಯರ ಕೈಗೆ ಹೊಸ ವಸ್ತುವಿನ ಚೀಟಿ. ಚೀಟಿಯಲ್ಲಿರುವ ವಸ್ತುವಿನ ಹೆಸರನ್ನಾಗಲಿ, ಕೆಳಗೆ ಬರೆದ ಐದು ಪದಗಳನ್ನಾಗಲಿ ಬಾಯಿಬಿಡದೆ ಜೊತೆಗಾರರಿಗೆ ಅದು ಏನೆಂದು ತಿಳಿಸಬೇಕು. ಸರಿ ಉತ್ತರಕ್ಕೆ 10 ಅಂಕ. ವಸ್ತುವೇ ಗೊತ್ತಿಲ್ಲದಿದ್ದರೆ “ಬಿಟ್ಟೆ” ಅಂದು ಮುಂದಿನ ಚೀಟಿಗೆ ಹೋಗಬಹುದು, ಅಂಕ ಕಳೆಯುವುದಿಲ್ಲ.

ಕಿರಿಯರ ಚೀಟಿ: ಒರಳುಕಲ್ಲು. ಹೇಳಬಾರದ್ದು: ರುಬ್ಬು, ಕಲ್ಲು, ದೋಸೆ, ಹಿಟ್ಟು, ಗುಂಡು.
ಹಿರಿಯರ ಚೀಟಿ: ಪವರ್ ಬ್ಯಾಂಕ್. ಹೇಳಬಾರದ್ದು: ಚಾರ್ಜು, ಫೋನು, ಮೊಬೈಲು, ಬ್ಯಾಟರಿ, ಕರೆಂಟು.

ಕನ್ನಡದಲ್ಲಿ ಈ ಆಟ ಕೆಡುವುದು ಪ್ರತ್ಯಯದಲ್ಲಿ. ‘ರುಬ್ಬು’ ಹೇಳಬಾರದು ಅಂದರೆ ರುಬ್ಬಿದ್ರೆ, ರುಬ್ಬೋಕೆ, ರುಬ್ಬಣ ಯಾವುದೂ ಬರುವಂತಿಲ್ಲ. ಧಾತು ಬಾಯಿಗೆ ಬಂತೆಂದರೆ ಚೀಟಿ ಹೋಯಿತು. ‘ಕಲ್ಲು’ ಇದ್ದರೆ ‘ಕಲ್ಲಲ್ಲಿ’ ಕೂಡ ಹೋಯಿತು. ಆದರೆ ‘ಅರೆಯೋದು’ ಸರಿ, ಅದು ಬೇರೆ ಮಾತು. ಅಂಕ ಬರೆಯುವವರು ಇದನ್ನು ಆಟಕ್ಕೆ ಮೊದಲೇ ಎಲ್ಲ ಜೋಡಿಗೂ ಒಂದು ಉದಾಹರಣೆ ಕೊಟ್ಟು ಹೇಳಬೇಕು. ನಡುವೆ ಹೇಳಿದರೆ ಮೋಸವಾಯಿತು ಅಂತ ಅನಿಸುವುದು ಸಹಜ.

ಚೀಟಿ ಎ5 ಅಳತೆಯದು, ವಸ್ತುವಿನ ಹೆಸರು 60 ಪಾಯಿಂಟಿನಲ್ಲಿ, ನಿಷೇಧದ ಪದಗಳು 36ರಲ್ಲಿ. ಇದಕ್ಕಿಂತ ಸಣ್ಣದಾದರೆ ಹಿರಿಯರು ಕನ್ನಡಕ ಹುಡುಕುವುದರಲ್ಲೇ ಹತ್ತು ಸೆಕೆಂಡು ಹೋಗುತ್ತದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ದೀಪ ಪ್ರತಿಫಲಿಸಿ ಅಕ್ಷರ ಕಾಣುವುದಿಲ್ಲ.

ಎರಡನೇ ಸುತ್ತು: ನಮ್ಮೂರ ಮಾತು

ಇಡೀ ಕಾರ್ಯಕ್ರಮದ ಜೀವ ಈ ಸುತ್ತು. ನಾಲ್ಕು ವಸ್ತುಗಳನ್ನು ಮೊರದಲ್ಲಿಟ್ಟು ಒಂದೊಂದಾಗಿ ತೋರಿಸುವುದು. ಚಿತ್ರ ತೋರಿಸಬೇಡಿ. ಕೈಯಲ್ಲಿ ಮುಟ್ಟಿದಾಗ ಹಿರಿಯರ ಬಾಯಿಂದ ತಾನಾಗಿ ಮಾತು ಬರುತ್ತದೆ. ಪ್ರತಿ ಜೋಡಿಗೂ ಒಂದು ಸ್ಲೇಟು, ಒಂದು ಬಳಪ. 30 ಸೆಕೆಂಡಿನಲ್ಲಿ ಆ ವಸ್ತುವಿಗೆ ಕರ್ನಾಟಕದ ಬೇರೆ ಬೇರೆ ಕಡೆ ಇರುವ ಹೆಸರುಗಳನ್ನು ಎಷ್ಟು ಗೊತ್ತೋ ಅಷ್ಟು ಬರೆಯಬೇಕು. ಒಪ್ಪಿದ ಪ್ರತಿ ಹೆಸರಿಗೆ 5 ಅಂಕ. ಬಿಳಿ ಬೋರ್ಡು ದೀಪಕ್ಕೆ ಮಿನುಗುತ್ತದೆ, ಸ್ಲೇಟೇ ಇರಲಿ.

ಮೊದಲ ಕಂತಿನ ಮೊರ:

ಒಂದನೆಯದು, ಮಂಡಕ್ಕಿ. ಒಪ್ಪುವ ಹೆಸರು: ಮಂಡಕ್ಕಿ, ಕಡ್ಲೆಪುರಿ, ಪುರಿ, ಚುರುಮುರಿ, ಚುನಮುರಿ. ಇಲ್ಲಿ ಎಚ್ಚರ: ಮೈಸೂರು ಕಡೆಯವರಿಗೂ ಮಂಗಳೂರು ಕಡೆಯವರಿಗೂ ಚುರುಮುರಿ ಅಂದರೆ ಈರುಳ್ಳಿ, ಖಾರ ಹಾಕಿ ಕಲಸಿದ ತಿಂಡಿ. ಧಾರವಾಡದ ಕಡೆ ಬರೀ ಅಕ್ಕಿಪುರಿಗೇ ಆ ಹೆಸರು. ಆದ್ದರಿಂದ ಯಾರು ಚುರುಮುರಿ ಬರೆದರೂ ನಿರೂಪಕರು “ಕಲಸಿದ್ದಕ್ಕೋ, ಬರೀ ಇದಕ್ಕೋ?” ಅಂತ ಕೇಳಬೇಕು. ‘ಬರೀ ಇದಕ್ಕೆ’ ಅಂದರೆ ಅಂಕ.

ಎರಡನೆಯದು, ಈರುಳ್ಳಿ: ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ. ಮೂರನೆಯದು, ಶೇಂಗಾ: ಕಡಲೆಕಾಯಿ, ಶೇಂಗಾ, ನೆಲಗಡಲೆ. ನಾಲ್ಕನೆಯದು, ಆಲೂಗಡ್ಡೆ: ಆಲೂಗಡ್ಡೆ, ಉರುಳಗಡ್ಡೆ, ಬಟಾಟೆ, ಬಟಾಟಿ. ಬಟಾಟೆ, ಬಟಾಟಿ ಎರಡೂ ಒಂದೇ ಹೆಸರು, ಒಂದೇ ಅಂಕ. ಕಾಗುಣಿತ ತಪ್ಪಿದರೆ ಅಂಕ ಕಳೆಯಬೇಡಿ, ಇದು ಬಾಯಿಮಾತಿನ ಸುತ್ತು.

ನಮ್ಮ ಪಟ್ಟಿಯಲ್ಲಿಲ್ಲದ ಹೆಸರು ಬಂದರೆ “ಯಾವ ಊರ ಕಡೆ ಹಾಗಂತಾರೆ?” ಎಂದು ಕೇಳಿ. ಊರು ಹೇಳಿದರೆ ಅಂಕ ಕೊಡಿ. ಕಂತಿಗೆ ಜೋಡಿಗೊಂದು ಸಲ ಮಾತ್ರ ಈ ಸೌಲಭ್ಯ. ಬೆಂಗಳೂರು ಮೈಸೂರಿನ ಮಾತೇ ಸರಿ, ಮಿಕ್ಕಿದ್ದು ತಪ್ಪು ಅನ್ನುವಂತೆ ನಿರೂಪಕರ ಮುಖದಲ್ಲಿ ಒಂದು ಸಣ್ಣ ನಗು ಕಂಡರೂ ಬೀದರಿನವರು, ಕುಂದಾಪುರದವರು ಮುಂದಿನ ಕಂತು ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ.

ಮೂರನೇ ಸುತ್ತು: ಇಬ್ಬರ ಆಟ

ಜೋಡಿಗೆ 90 ಸೆಕೆಂಡು. ಹಾಡು, ಸೋಬಾನೆ, ಒಗಟು, ಹರಟೆ, ಅಣಕು ಏನಾದರೂ ಸರಿ, ಇಬ್ಬರೂ ಪಾಲ್ಗೊಳ್ಳಬೇಕು. ಒಬ್ಬರು ಹಾಡಿ ಇನ್ನೊಬ್ಬರು ತಲೆದೂಗಿದರೆ ‘ಜೊತೆ’ಯ ಅಂಕ ಸೊನ್ನೆ. ತೀರ್ಪುಗಾರರು ಒಬ್ಬರೇ, ಒಟ್ಟು 30 ಅಂಕ: ಇಬ್ಬರ ಜೊತೆಗಾರಿಕೆಗೆ 10, ಮಾತು ಸ್ಪಷ್ಟವಾಗಿ ಕೇಳಿಸಿದ್ದಕ್ಕೆ 10, ಹೊಸತನಕ್ಕೆ 5, ಸಮಯ ಪಾಲಿಸಿದ್ದಕ್ಕೆ 5. ಮೂರು ಜೋಡಿಯೂ ಮುಗಿಸಿದ ಮೇಲೆಯೇ ಅಂಕ ಹೇಳುವುದು. ಒಬ್ಬೊಬ್ಬರಿಗೂ ಆಗಿಂದಾಗಲೇ ಹೇಳಿದರೆ ಮೊದಲು ಬಂದವರಿಗೆ ಯಾವಾಗಲೂ ಕಡಿಮೆ ಬೀಳುತ್ತದೆ.

ಈ ಸುತ್ತನ್ನು ಕೊನೆಗೆ ಇಡಬೇಡಿ. ಗೆಲುವು ತೀರ್ಪುಗಾರರ ಒಂದು ಅಂಕದಲ್ಲಿ ನಿಂತರೆ ಸೋತ ಮನೆಯವರಿಗೆ ಸಮಾಧಾನವಾಗುವುದಿಲ್ಲ. ಕೊನೆಯ ನಿರ್ಣಯ ಗುಂಡಿ ಒತ್ತುವುದರಲ್ಲೇ ಆಗಲಿ.

ಸಿನಿಮಾ ಹಾಡು ಬೇಡವೇ ಬೇಡ. ಯೂಟ್ಯೂಬಿನ ಹಕ್ಕುಸ್ವಾಮ್ಯದ ತಪಾಸಣೆ ಮೂಲ ಧ್ವನಿಮುದ್ರಿಕೆಯನ್ನು ಮಾತ್ರ ಹಿಡಿಯುವುದಿಲ್ಲ, ಬೇರೆಯವರು ಹಾಡಿದ ಧಾಟಿಯನ್ನೂ ಹಿಡಿಯಬಹುದು. ಆಗ ಆ ಕಂತಿನ ಜಾಹೀರಾತು ಹಣ ಹಕ್ಕುದಾರರಿಗೆ ಹೋಗಬಹುದು. ವಚನ, ದಾಸರ ಪದ, ಜನಪದ ಹಾಡಿನ ಸಾಹಿತ್ಯಕ್ಕೆ ತೊಂದರೆಯಿಲ್ಲ, ಆದರೆ ಧಾಟಿ ಯಾವುದೋ ಕ್ಯಾಸೆಟ್ಟಿನದಾಗಿದ್ದರೆ ಅದಕ್ಕೆ ಬೇರೆ ಹಕ್ಕುದಾರರು ಇರುತ್ತಾರೆ. ಭಾರತದಲ್ಲಿ ಸಾಹಿತ್ಯ, ಸಂಗೀತ ರಚನೆಯ ಹಕ್ಕು ರಚಿಸಿದವರ ಆಯುಷ್ಯದ ಜೊತೆಗೆ 60 ವರ್ಷ ಇರುತ್ತದೆ. ಮನೆಯಲ್ಲಿ ಹಾಡುತ್ತ ಬಂದ ಧಾಟಿಯಲ್ಲೇ, ಶ್ರುತಿಪೆಟ್ಟಿಗೆ ಒಂದನ್ನೇ ಇಟ್ಟುಕೊಂಡು ಹಾಡಿಸಿ. ಕರೋಕೆ ಟ್ರ್ಯಾಕು ತಂದರೆ ವಿನಯವಾಗಿ ಬೇಡ ಅನ್ನಿ.

ನಾಲ್ಕನೇ ಸುತ್ತು: ಗುಂಡಿ

ಆರು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಸುಳಿವು. ಮೊದಲ ಸುಳಿವಿಗೇ ಹೇಳಿದರೆ 30, ಎರಡನೆಯದಕ್ಕೆ 20, ಮೂರನೆಯದಕ್ಕೆ 10. ತಪ್ಪಾದರೆ 10 ಕಡಿತ, ಆ ಪ್ರಶ್ನೆಯಿಂದ ಆ ಜೋಡಿ ಹೊರಗೆ. ಮಾದರಿ:

“ಯಾವ ಜಾಗ? 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು.” (30)
“ಇಲ್ಲಿ ಕಾವೇರಿ ಎರಡು ಕವಲಾಗ್ತಾಳೆ.” (20)
“ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ.” (10)
ಉತ್ತರ: ಶಿವನಸಮುದ್ರ. ‘ಶಿಂಷಾ’ ಒಪ್ಪಬೇಡಿ, ಅದು ಬೇರೆ ವಿದ್ಯುದಾಗಾರ.

ಮೊಬೈಲ್ ಆ್ಯಪಿನ ಬಜರ್ ಬಳಸಬೇಡಿ. ವೈಫೈ ತಡವಾದಾಗ ಮೊದಲು ಒತ್ತಿದವರು ಎರಡನೆಯವರಾಗಿ ತೋರುತ್ತಾರೆ. ಸೆಲ್ಲಿನ ಮೇಲೆ ಉರಿಯುವ, ಒತ್ತಿದರೆ ಹತ್ತುವ ಮೂರು ಬಣ್ಣದ ದೀಪ ಸಾಕು. ಮೂರನೇ ಕ್ಯಾಮೆರಾ ಕೈಗಳ ಮೇಲೆಯೇ ಇರಲಿ. ಎರಡು ದೀಪ ಒಟ್ಟಿಗೆ ಹತ್ತಿದಂತೆ ಕಂಡರೆ ವಾದ ಬೇಡ, ಆ ಪ್ರಶ್ನೆ ರದ್ದು, ಮೀಸಲು ಪ್ರಶ್ನೆ ಕೇಳಿ. ಕಂತಿಗೆ ಮೂರು ಮೀಸಲು ಇಟ್ಟುಕೊಳ್ಳಿ.

ಕೊನೆಗೂ ಅಂಕ ಸಮವಾದರೆ: ಗಾಜಿನ ಲೋಟದಲ್ಲಿ ಹುಣಸೆಬೀಜ. ಎಷ್ಟಿವೆ ಎಂದು ಜೋಡಿ ಒಂದೇ ಸಂಖ್ಯೆ ಬರೆಯಬೇಕು, ಹತ್ತಿರದವರು ಗೆದ್ದರು. ಮೊದಲ ಕಂತಿನ ಲೋಟದಲ್ಲಿ 137 ಇವೆ, ಇಬ್ಬರು ಬೇರೆ ಬೇರೆಯಾಗಿ ಎಣಿಸಿದ್ದು. ಬೆಟ್ಟದ ಎತ್ತರ, ಜನಸಂಖ್ಯೆಯಂಥದ್ದು ಕೇಳಿದರೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಅಂಕಿ ಇರುತ್ತದೆ.

ಪ್ರಶ್ನೆ ಬರೆಯುವವರಿಗೆ

ಬರೆದವರೇ ಪರೀಕ್ಷಿಸಬಾರದು. ಪ್ರತಿ ಪ್ರಶ್ನೆಯ ಹಾಳೆಯಲ್ಲಿ ಉತ್ತರ, ಒಪ್ಪುವ ಬೇರೆ ಉತ್ತರ, ಒಪ್ಪಬಾರದ ಉತ್ತರ, ಪರೀಕ್ಷಿಸಿದ ದಿನಾಂಕ ಇರಲಿ. “ಕನ್ನಡದ ಅತಿ ಹಳೆಯ ಶಾಸನ ಯಾವುದು?” ಎಂದು ಕೇಳಬೇಡಿ. ಹಲ್ಮಿಡಿ ಎಂದು ಓದಿದವರೂ ತಾಳಗುಂದ ಎಂದು ಓದಿದವರೂ ಇದ್ದಾರೆ. “ಹಲ್ಮಿಡಿ ಯಾವ ತಾಲ್ಲೂಕಿನಲ್ಲಿದೆ?” ಎಂದರೆ ಬೇಲೂರು, ಚರ್ಚೆಯಿಲ್ಲ. “ಕರ್ನಾಟಕ ಯಾವಾಗ ಆಯಿತು?” ಎಂಬುದಕ್ಕೆ 1956, 1973 ಎರಡೂ ಬರುತ್ತವೆ. “ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ?” ಎಂದು ಕೇಳಿ. ಜಿಲ್ಲೆ ಎಷ್ಟು, ಜ್ಞಾನಪೀಠ ಎಷ್ಟು ಎಂಬ ಎಣಿಕೆ ಪ್ರಶ್ನೆಗಳು ವೀಡಿಯೊ ಉಳಿದಂತೆ ಹಳಸುತ್ತವೆ, ಬೇಡ.

ಪರದೆಯ ಮೇಲಿನ ಅಕ್ಷರ

ನುಡಿಯ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗಿಗೆ ಕೊಡಬೇಡಿ, ಬೇರೆ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತದೆ. ಯೂನಿಕೋಡ್ ಮಾತ್ರ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ‘ಅಕ್ಕ’ ಎಂಬುದು ‘ಅಕ್‌ಕ’ ಆಗುತ್ತದೆ. ಅದಕ್ಕೇ ಪ್ರಶ್ನೆಯ ಫಲಕವನ್ನು ಲಿಬ್ರೆ ಆಫೀಸಿನಲ್ಲಿ ಮಾಡಿ, ಚಿತ್ರವಾಗಿ ಉಳಿಸಿ ಕೊಡಿ. ಸಾಲಿನ ಅಂತರ 140%, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಡತದ ಹೆಸರು ಹೀಗೆ: `EP01_R4_Q03_S2.png` (ಕಂತು, ಸುತ್ತು, ಪ್ರಶ್ನೆ, ಸುಳಿವು).

ಚಿತ್ರೀಕರಣದ ದಿನ

ದಿನಕ್ಕೆ ಎರಡೇ ಕಂತು, ಒಂದು ಊಟಕ್ಕೆ ಮೊದಲು, ಒಂದು ಆಮೇಲೆ. ಕಂತಿಗೆ ಎರಡು ಗಂಟೆ ಹಿಡಿಯಿರಿ. ಕ್ಯಾಮೆರಾವಾಗಿ ಬಳಸುವ ಮೂರು ಫೋನುಗಳನ್ನೂ ಸೆಕೆಂಡಿಗೆ 30 ಚೌಕಟ್ಟಿಗೇ ಹೊಂದಿಸಿ, ಪ್ರತಿ ಸುತ್ತಿನ ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಧ್ವನಿ-ಚಿತ್ರ ಜೋಡಿಸಲು ಅದೇ ಗುರುತು. ಫ್ಯಾನು ಸುತ್ತುಗಳ ನಡುವೆ ಮಾತ್ರ. ಕಾಲರ್ ಮೈಕನ್ನು ಸೀರೆಯ ಸೆರಗಿಗೆ ಸಿಕ್ಕಿಸಬೇಡಿ, ಜರಿ ಉಜ್ಜಿ ಸರಸರ ಸದ್ದು ಬರುತ್ತದೆ. ರವಿಕೆಯ ಅಂಚಿಗೆ ಸಿಕ್ಕಿಸಲು ತಂಡದ ಹೆಂಗಸರೊಬ್ಬರು ಇರಲೇಬೇಕು.

18 ತುಂಬದವರಿದ್ದರೆ ತಂದೆ ಅಥವಾ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ ಮೊದಲು, ಮೈಕು ಆಮೇಲೆ. ಪ್ರವೇಶಕ್ಕೆ ಶುಲ್ಕವಿಲ್ಲ. ಚಾನೆಲ್ ಸಬ್‌ಸ್ಕ್ರೈಬ್ ಆಗಿದ್ದರೆ ಮಾತ್ರ ಅವಕಾಶ ಎಂದು ಎಲ್ಲೂ ಬರೆಯಬೇಡಿ. ಗೆದ್ದ ಜೋಡಿಗೆ 3,000 ರೂಪಾಯಿ, ಉಳಿದ ಎರಡಕ್ಕೂ ತಲಾ 1,000, ಎಲ್ಲರಿಗೂ ಊಟ ಮತ್ತು ಬಸ್ ಖರ್ಚು. ಹಣವನ್ನು ಅದೇ ದಿನ ಮನೆಗೆ ಹೊರಡುವ ಮೊದಲು ಕೊಡಿ. ಬಹುಮಾನ 10,000 ರೂಪಾಯಿ ಮೀರಿಸಿದರೆ 30% ಟಿಡಿಎಸ್ ಹಿಡಿಯಬೇಕಾಗುತ್ತದೆ, ಸದ್ಯಕ್ಕೆ ಆ ಮಟ್ಟಕ್ಕೆ ಹೋಗುವುದು ಬೇಡ.

ಪ್ರಸಾರವಾದ ಮೇಲೆ ಉತ್ತರವೊಂದು ತಪ್ಪೆಂದು ಗೊತ್ತಾದರೆ ಅದೇ ದಿನ ಮೇಲಕ್ಕೆ ಸಿಕ್ಕಿಸಿದ ಕಾಮೆಂಟಿನಲ್ಲಿ ಸರಿ ಉತ್ತರ ಹಾಕಿ, ಮುಂದಿನ ಕಂತಿನ ಆರಂಭದಲ್ಲಿ ನಿರೂಪಕರು ಓದಿ ಹೇಳಬೇಕು. ಆ ತಪ್ಪಿನಿಂದ ಸೋತ ಜೋಡಿಗೆ ಮೊದಲು ಫೋನು ಮಾಡಿ, ಇನ್ನೊಂದು ಕಂತಿಗೆ ಕರೆಯಿರಿ.